ಮೆಣಸಿನಕಾಯಿ ಕೊಂಡ ವಾರ ನಷ್ಟವೇ?

ಭಾನುವಾರ ರಾತ್ರಿ ಪಾತ್ರೆ ತೊಳೆದಿಟ್ಟು ನೋಟ್‌ಬುಕ್ ತೆರೆದರೆ ಲೆಕ್ಕ ಹೀಗಿದೆ: ಈ ವಾರದ ಮಾರಾಟ 6,400 ರೂಪಾಯಿ, ಖರ್ಚು 11,700. ಅಂದರೆ 5,300 ರೂಪಾಯಿ ಮೈಮೇಲೆ. ಮುಂದಿನ ವಾರ ಮಾರಾಟ 5,800ಕ್ಕೆ ಇಳಿಯುತ್ತದೆ. ಆದರೆ ಖರ್ಚು ಬರೀ 2,600 ಆದ್ದರಿಂದ ನೋಟ್‌ಬುಕ್ 3,200 ಉಳಿಯಿತು ಎನ್ನುತ್ತದೆ. ಹೆಚ್ಚು ಮಾರಿದ ವಾರ ನಷ್ಟ, ಕಡಿಮೆ ಮಾರಿದ ವಾರ ಲಾಭ! ಪಕ್ಕದ ಮನೆಯವರು "ಯಾಪಾರ ಹೆಂಗ್ ನಡದೈತಿ ಅಕ್ಕಾ?" ಎಂದರೆ "ನಡದೈತಿ ನೋಡ್ರಿ" ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಇರುವುದಿಲ್ಲ.

ಧಾರವಾಡದಲ್ಲಿ ಮನೆಯಿಂದಲೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಸಾಲೆ ಖಾರ ಮಾಡಿ ಮಾರುವ ಒಬ್ಬ ಗೃಹಿಣಿಯ ಲೆಕ್ಕ ಇದು ಎಂದಿಟ್ಟುಕೊಳ್ಳೋಣ. ಅಂಕಿಗಳು ವಿಷಯ ಬಿಡಿಸಿ ಹೇಳಲು ನಾನೇ ಕೂಡಿಸಿದವು. ಆದರೆ ಕತೆ ಹೊಸದಲ್ಲ. ಹುರಿಯುವುದು, ಪುಡಿ ಮಾಡುವುದು, ತೂಗಿ ಪ್ಯಾಕ್ ಮಾಡುವುದು, ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು, ಕೊರಿಯರ್‌ಗೆ ಕೊಡುವುದು ಎಲ್ಲವೂ ಒಬ್ಬರೇ. ಲೆಕ್ಕಕ್ಕೆ ಸಿಗುವುದು ವಾರಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ವಾರದ ಮಾರಾಟ, ಖರ್ಚು, ಮತ್ತೆ ಬಂದ ಗಿರಾಕಿಗಳು, ಈ ಮೂರನ್ನು ಒಂದೇ ನೋಟಕ್ಕೆ ತೋರಿಸುವ ಹಾಳೆಯೇ ಡ್ಯಾಶ್‌ಬೋರ್ಡ್. ಸ್ಕೂಟರಿನ ಹ್ಯಾಂಡಲ್ ನಡುವಿನ ಫಲಕದಲ್ಲಿ ವೇಗ, ಪೆಟ್ರೋಲು ಕಾಣುವುದಿಲ್ಲವೇ, ಹಾಗೆ. ಇದಕ್ಕೆ ದುಡ್ಡು ಕೊಟ್ಟು ಆ್ಯಪ್ ಕೊಳ್ಳಬೇಕಿಲ್ಲ. ಫೋನಿನಲ್ಲೂ ತೆರೆಯುವ ಗೂಗಲ್ ಶೀಟ್ಸ್ ಸಾಕು.

ಬರೆಯುವ ಹಾಳೆ ಬೇರೆ, ನೋಡುವ ಹಾಳೆ ಬೇರೆ

ಒಂದೇ ಫೈಲಿನಲ್ಲಿ ಮೂರು ಹಾಳೆ ಮಾಡಿ ಅವಕ್ಕೆ ಮಾರಾಟ, ಖರ್ಚು, ಫಲಕ ಎಂದು ಹೆಸರಿಡಿ. ಮೊದಲ ಎರಡರಲ್ಲಿ ಬರೆಯುವುದಷ್ಟೇ, ಮೂರನೆಯದರಲ್ಲಿ ನೋಡುವುದಷ್ಟೇ. ಫಲಕದ ಅಂಕಿಯನ್ನು ಕೈಯಿಂದ ತಿದ್ದಬಾರದು. ತಪ್ಪು ಕಂಡರೆ ಅದರ ಮೂಲ ಮೊದಲೆರಡು ಹಾಳೆಗಳಲ್ಲೇ ಇರುತ್ತದೆ, ಅಲ್ಲೇ ಸರಿಪಡಿಸಬೇಕು.

ಮಾರಾಟದ ಹಾಳೆಯಲ್ಲಿ ಒಂದು ಆರ್ಡರಿಗೆ ಒಂದು ಸಾಲು. A ಕಾಲಂನಲ್ಲಿ ತಾರೀಖು, Bಯಲ್ಲಿ ಗಿರಾಕಿಯ ಫೋನ್ ನಂಬರು, Cಯಲ್ಲಿ ಏನು ಕೊಂಡರು, Dಯಲ್ಲಿ ಎಷ್ಟು ರೂಪಾಯಿ, Eಯಲ್ಲಿ ನಗದೋ ಯುಪಿಐಯೋ ಉದ್ರಿಯೋ. ಮುಂದಿನ ಎರಡು ಕಾಲಂ ಹಾಳೆಯೇ ತುಂಬಿಕೊಳ್ಳುತ್ತದೆ. F ಕಾಲಂನಲ್ಲಿ ಆ ತಾರೀಖು ಯಾವ ವಾರಕ್ಕೆ ಸೇರಿದ್ದು ಎಂದು ಬರಬೇಕು. F2ರಲ್ಲಿ ಇದನ್ನು ಬರೆದು ಕೆಳಗಿನ ಸಾಲುಗಳಿಗೆ ಎಳೆಯಿರಿ:

```
=IF(A2="","",A2-WEEKDAY(A2,2)+1)
```

ಇದು ಯಾವ ದಿನ ಕೊಟ್ಟರೂ ಆ ವಾರದ ಸೋಮವಾರದ ತಾರೀಖನ್ನು ಹಿಂದಿರುಗಿಸುತ್ತದೆ. ಬುಧವಾರದ ಆರ್ಡರು, ಭಾನುವಾರದ ಆರ್ಡರು ಎರಡೂ ಒಂದೇ ಸೋಮವಾರದ ಹೆಸರಿನಲ್ಲಿ ಕೂಡುತ್ತವೆ. ಇನ್ನು ಮುಂದೆ ಎಲ್ಲ ಲೆಕ್ಕವೂ ಈ ಸೋಮವಾರಕ್ಕೇ ಕಟ್ಟಿಕೊಂಡಿರುತ್ತದೆ.

ಎಲ್ಲಕ್ಕಿಂತ ಮೊದಲು ಕೈಕೊಡುವುದು ತಾರೀಖೇ. File ಮೆನುವಿನ Settings ಒಳಗೆ Locale ಎಂಬಲ್ಲಿ India ಇದೆಯೇ ನೋಡಿ. ಅಲ್ಲಿ United States ಇದ್ದರೆ ನೀವು 03/04 ಎಂದು ಏಪ್ರಿಲ್ ಮೂರನ್ನು ಬರೆದಾಗ ಹಾಳೆ ಅದನ್ನು ಮಾರ್ಚ್ ನಾಲ್ಕು ಎಂದು ಓದಿ, ಮಾರಾಟವನ್ನು ತಿಂಗಳು ಹಿಂದಿನ ವಾರಕ್ಕೆ ಸೇರಿಸಿಬಿಡುತ್ತದೆ. 13/03 ಎಂದು ಬರೆದರೆ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ಅದನ್ನು ತಾರೀಖೆಂದೇ ಒಪ್ಪುವುದಿಲ್ಲ, ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಕಂಡುಹಿಡಿಯುವುದು ಸುಲಭ: ನಿಜವಾದ ತಾರೀಖು ಮನೆಯ ಬಲಗಡೆಗೆ ಒರಗಿರುತ್ತದೆ, ಅಕ್ಷರವಾದದ್ದು ಎಡಗಡೆಗೆ. ಎಡಕ್ಕೆ ನಿಂತ ತಾರೀಖಿನ ಪಕ್ಕದಲ್ಲಿ ಸೂತ್ರವು `#VALUE!` ಎಂದು ಕೂಗುವುದೂ ಉಂಟು.

ಖರ್ಚು ಯಾವ ವಾರದ್ದು?

ಈಗ ಮೊದಲಿನ ಒಗಟಿಗೆ ಬರೋಣ. 3 ಮಾರ್ಚ್ 2025ರಿಂದ ಶುರುವಾದ ವಾರದಲ್ಲಿ ಅಕ್ಕ ಮೂರು ತಿಂಗಳಿಗಾಗುವಷ್ಟು ಬ್ಯಾಡಗಿ ಮೆಣಸಿನಕಾಯಿ ತರಿಸಿದರು, 7,200 ರೂಪಾಯಿ. ಎರಡು ತಿಂಗಳಿಗೆ ಸಾಕಾಗುವ ಪೌಚು ಮತ್ತು ಲೇಬಲ್ಲಿಗೆ 1,600. ಉಳಿದ 2,900 ಆ ವಾರದ ಶೇಂಗಾ, ಬೆಲ್ಲ, ಬೆಳ್ಳುಳ್ಳಿ, ಗಿರಣಿ ಕೂಲಿ, ಕೊರಿಯರ್. ಸುಗ್ಗಿಯಲ್ಲಿ ಮೆಣಸಿನಕಾಯಿ ಹಿಡಿದಿಡುವುದು ಜಾಣತನವೇ. ಆದರೆ ನೋಟ್‌ಬುಕ್ ಮೂರು ತಿಂಗಳ ಮೆಣಸಿನಕಾಯಿಯನ್ನು ಒಂದೇ ವಾರದ ತಲೆಗೆ ಕಟ್ಟಿತು. ಅದಕ್ಕೇ ಆ ವಾರ ನಷ್ಟ. ಮುಂದಿನ ಹನ್ನೊಂದು ವಾರ ಪುಕ್ಕಟೆ ಮೆಣಸಿನಕಾಯಿಯಲ್ಲಿ ಖಾರ ಕುಟ್ಟಿದಂತೆ ಕಂಡಿತು, ಅದಕ್ಕೇ ಅವೆಲ್ಲ ಲಾಭ.

ದೊಡ್ಡ ಲೆಕ್ಕಪತ್ರದವರು ಇದಕ್ಕೆ ದಾಸ್ತಾನಿನ ಲೆಕ್ಕ ಇಡುತ್ತಾರೆ. ಪ್ರತಿ ಪೊಟ್ಟಣದಲ್ಲಿ ಎಷ್ಟು ಗ್ರಾಂ ಮೆಣಸಿನಕಾಯಿ ಹೋಯಿತು ಎಂದು ಬರೆಯುತ್ತ ಕೂರುವುದು ಒಬ್ಬರೇ ದುಡಿಯುವಲ್ಲಿ ಆಗದ ಮಾತು. ಅದರ ಬದಲು ಖರ್ಚಿನ ಹಾಳೆಯಲ್ಲಿ ಒಂದೇ ಒಂದು ಕಾಲಂ ಹೆಚ್ಚಿಗೆ ಇಟ್ಟರೆ ಸಾಕು: "ಎಷ್ಟು ವಾರಕ್ಕೆ?" A ತಾರೀಖು, B ಬಾಬ್ತು, C ಮೊತ್ತ, D ವಾರಗಳು. ಶೇಂಗಾಕ್ಕೆ 1, ಪೌಚಿಗೆ 8, ಮೆಣಸಿನಕಾಯಿಗೆ 12. ಜನವರಿಯಲ್ಲಿ 7,800 ಕೊಟ್ಟು ತಂದ ಮಿಕ್ಸರ್ ಎರಡು ವರ್ಷ ಬಂದೀತು ಎಂದು 104. ಮುಂದಿನ ಮೂರು ಕಾಲಂ, ಅಂದರೆ ವಾರದ ಪಾಲು, ಮೊದಲ ಸೋಮವಾರ, ಕೊನೆಯ ಸೋಮವಾರ, ಸೂತ್ರಕ್ಕೆ ಬಿಡಿ. E2, F2, G2ರಲ್ಲಿ ಕ್ರಮವಾಗಿ:

```
=C2/D2
=A2-WEEKDAY(A2,2)+1
=F2+7*(D2-1)
```

ಮೆಣಸಿನಕಾಯಿಯ ಪಾಲು ವಾರಕ್ಕೆ 600 ರೂಪಾಯಿ, ಪೌಚಿನದು 200, ಮಿಕ್ಸರಿನದು 75. ಇವಿಷ್ಟು, ಅಂದರೆ 875 ರೂಪಾಯಿ, ಕೊಂಡರೂ ಕೊಳ್ಳದಿದ್ದರೂ ಆ ತಿಂಗಳ ಪ್ರತಿ ವಾರದ ಹೆಗಲ ಮೇಲೆ ಇರುತ್ತದೆ.

ಫಲಕದ ಹಾಳೆಯಲ್ಲಿ A2ರಲ್ಲಿ ಮೊದಲ ಸೋಮವಾರದ ತಾರೀಖು ಬರೆದು, A3ರಲ್ಲಿ `=A2+7` ಎಂದು ಹಾಕಿ ಕೆಳಕ್ಕೆ ಎಳೆಯಿರಿ. ನಂತರ Bಯಲ್ಲಿ ಮಾರಾಟ, Cಯಲ್ಲಿ ಆ ವಾರ ಕೈಯಿಂದ ಹೋದ ಹಣ, Dಯಲ್ಲಿ ಆ ವಾರದ ಪಾಲಿನ ಖರ್ಚು:

```
=SUMIFS('ಮಾರಾಟ'!D:D,'ಮಾರಾಟ'!F:F,A2)
=SUMIFS('ಖರ್ಚು'!C:C,'ಖರ್ಚು'!F:F,A2)
=SUMIFS('ಖರ್ಚು'!E:E,'ಖರ್ಚು'!F:F,"<="&A2,'ಖರ್ಚು'!G:G,">="&A2)
```

ಮೂರನೆಯ ಸಾಲು ಕೇಳುವುದು ಇಷ್ಟೇ: ಈ ಸೋಮವಾರಕ್ಕೆ ಮೊದಲೇ ಅಥವಾ ಇಂದೇ ಶುರುವಾಗಿ, ಇನ್ನೂ ಮುಗಿಯದ ಖರ್ಚುಗಳು ಯಾವುವು? ಅವುಗಳ ವಾರದ ಪಾಲನ್ನು ಕೂಡಿಸು. Eಯಲ್ಲಿ `=B2-D2` ಎಂದರೆ ಉಳಿಕೆ ಸಿಕ್ಕಿತು.

ನಾಲ್ಕು ವಾರದ ಫಲಕ ಈಗ ಹೀಗೆ ಕಾಣುತ್ತದೆ:

| ವಾರ | ಮಾರಾಟ | ಕೈಯಿಂದ ಹೋದದ್ದು | ವಾರದ ಪಾಲು | ಉಳಿಕೆ |
|---|---|---|---|---|
| ಮಾರ್ಚ್ 3 | 6,400 | 11,700 | 3,775 | 2,625 |
| ಮಾರ್ಚ್ 10 | 5,800 | 2,600 | 3,475 | 2,325 |
| ಮಾರ್ಚ್ 17 | 5,200 | 2,500 | 3,375 | 1,825 |
| ಮಾರ್ಚ್ 24 | 9,100 | 4,300 | 5,175 | 3,925 |

ನಷ್ಟ ಎಂದುಕೊಂಡ ಮೊದಲ ವಾರ 2,625 ಉಳಿಸಿತ್ತು. ನಿಜವಾಗಿ ಇಳಿಮುಖವಾಗಿದ್ದದ್ದು ನೋಟ್‌ಬುಕ್ ಹೊಗಳುತ್ತಿದ್ದ ನಡುವಿನ ಎರಡು ವಾರ. ಕೊನೆಯ ವಾರದ ಏರಿಕೆ ಯುಗಾದಿಯದು, ಆ ವರ್ಷ ಹಬ್ಬ ಮಾರ್ಚ್ 30ಕ್ಕೆ ಬಿದ್ದಿತ್ತು.

ಹಾಗಾದರೆ ಕೈಯಿಂದ ಹೋದ ಹಣದ ಕಾಲಂ ಏಕೆ ಬೇಕು? ಉಳಿಕೆ ಚೆನ್ನಾಗಿದ್ದರೂ ಗಲ್ಲೆ ಬರಿದಾಗಬಹುದು. ನಾಲ್ಕು ವಾರದ ಉಳಿಕೆ ಕೂಡಿದರೆ 10,700. ಆದರೆ ಕೈಯಲ್ಲಿ ನಿಜವಾಗಿ ಹೆಚ್ಚಿದ್ದು 5,400 ಮಾತ್ರ. ಉಳಿದ 5,300 ಎಲ್ಲಿ? ಎಂಟು ವಾರದ ಮೆಣಸಿನಕಾಯಿ ಇನ್ನೂ ಡಬ್ಬಿಯಲ್ಲಿದೆ, 4,800. ನಾಲ್ಕು ವಾರದ ಪೌಚು ಕಪಾಟಿನಲ್ಲಿದೆ, 800. ಅದರಲ್ಲಿ ಮೊದಲೇ ದುಡ್ಡು ಕೊಟ್ಟು ತಂದ ಮಿಕ್ಸರಿನ ನಾಲ್ಕು ವಾರದ ಸವೆತ 300 ಕಳೆದರೆ ಸರಿಯಾಗಿ 5,300. ಲೆಕ್ಕ ಹೀಗೆ ಕೂಡಿಬಂದರೆ ಹಾಳೆ ಸರಿಯಿದೆ ಎಂದರ್ಥ. ಉದ್ರಿ ಇದ್ದರೆ ಬರಬೇಕಾದ ಬಾಕಿಯನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

ಹನ್ನೆರಡು ವಾರ ಎಂಬುದು ಅಂದಾಜು ತಾನೇ, ತಪ್ಪಿದರೆ? ತಿಂಗಳಿಗೊಮ್ಮೆ ಡಬ್ಬಿ ತೆರೆದು ನೋಡಬೇಕು. ನಾಲ್ಕು ವಾರಕ್ಕೆ ಮೂರರಲ್ಲೊಂದು ಭಾಗ ಖಾಲಿಯಾಗಿರಬೇಕಿತ್ತು. ಅರ್ಧಕ್ಕೆ ಹತ್ತಿರ ಖಾಲಿಯಾಗಿದ್ದರೆ ಒಂಬತ್ತೇ ವಾರಕ್ಕೆ ಮುಗಿಯುತ್ತದೆ. Dಯಲ್ಲಿ 12 ಅಳಿಸಿ 9 ಬರೆಯಿರಿ. ವಾರದ ಪಾಲು 800 ಆಗಿ, ಹಿಂದಿನ ವಾರಗಳ ಉಳಿಕೆಯೂ ತಾನಾಗಿ ಇನ್ನೂರು ಇನ್ನೂರು ಇಳಿಯುತ್ತದೆ. ನಂಬಿಕೊಂಡಿದ್ದ ಲಾಭ ಅಷ್ಟು ಇರಲಿಲ್ಲ ಎಂದು ಆಗ ಗೊತ್ತಾಗುತ್ತದೆ. ಬೆಲೆ ಹಾಕುವಾಗ ಬೇಕಾದದ್ದೂ ಇದೇ.

ಮತ್ತೆ ಬಂದವರು ಯಾರು?

ಮೂರನೆಯ ಸಂಗತಿ ಹಳೆಯ ಗಿರಾಕಿ. ಇದಕ್ಕೆ ಹೆಸರು ನೆಚ್ಚಿಕೊಳ್ಳುವಂತಿಲ್ಲ. ಒಂದು ಸಲ "ಸವಿತಾ", ಇನ್ನೊಂದು ಸಲ "ಸವಿತಾ ಮೇಡಂ", ಮತ್ತೊಮ್ಮೆ "ಬ್ಯಾಂಕ್ ಸವಿತಾ" ಎಂದು ಬರೆದರೆ ಹಾಳೆಗೆ ಮೂವರು. ಫೋನ್ ನಂಬರು ಒಂದೇ. ಅದೂ ಹತ್ತೇ ಅಂಕಿ, +91 ಬೇಡ, ನಡುವೆ ಖಾಲಿ ಜಾಗ ಬೇಡ. Data ಮೆನುವಿನ Data validation ಒಳಗೆ B ಕಾಲಂಗೆ `=LEN(B2)=10` ಎಂಬ ನಿಯಮ ಕೊಟ್ಟರೆ ಒಂಬತ್ತೋ ಹನ್ನೊಂದೋ ಅಂಕಿ ಬರೆದಾಗ ಹಾಳೆಯೇ ಎಚ್ಚರಿಸುತ್ತದೆ. ಒಂದು ಮನೆಗೆ ಒಂದೇ ನಂಬರು ಎಂಬ ನಿಯಮವೂ ಇರಲಿ. ಗಂಡನ ಫೋನಿನಿಂದ ಒಮ್ಮೆ, ಹೆಂಡತಿಯ ಫೋನಿನಿಂದ ಒಮ್ಮೆ ಆರ್ಡರ್ ಬಂದರೆ ಮೊದಲು ಬರೆದ ನಂಬರನ್ನೇ ಬರೆಯಿರಿ. ಬೀದಿಯಲ್ಲಿ ನಿಂತು ಒಂದು ಪೊಟ್ಟಣ ಕೊಂಡು ಹೋದವರ ನಂಬರು ಇಲ್ಲದಿದ್ದರೆ ಆ ಮನೆ ಖಾಲಿ ಬಿಡಿ. ಮಾರಾಟಕ್ಕೆ ಸೇರುತ್ತದೆ, ಗಿರಾಕಿ ಎಣಿಕೆಗೆ ಸೇರುವುದಿಲ್ಲ.

ಮಾರಾಟದ ಹಾಳೆಯ G2ರಲ್ಲಿ:

```
=IF(B2="","",IF(COUNTIFS(B:B,B2,A:A,"<"&A2)>0,"ಹಳೆ","ಹೊಸ"))
```

ಇದೇ ನಂಬರು ಇಂದಿಗಿಂತ ಹಿಂದಿನ ತಾರೀಖಿನಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕುತ್ತದೆ. ಬೆಳಗ್ಗೆ ಕೊಂಡವರು ಸಂಜೆ "ಇನ್ನೊಂದು ಪಾಕೀಟು ಸೇರಿಸ್ರಿ" ಎಂದರೆ ಅದು ಮರಳಿ ಬಂದದ್ದಲ್ಲವಾದ್ದರಿಂದ ಅದೇ ದಿನದ ಎರಡನೇ ಆರ್ಡರನ್ನು ಎಣಿಸುವುದಿಲ್ಲ. ಫಲಕದಲ್ಲಿ F ಕಾಲಂಗೆ ಹೊಸಬರು, Gಗೆ ಹಳಬರು:

```
=COUNTUNIQUEIFS('ಮಾರಾಟ'!B:B,'ಮಾರಾಟ'!F:F,A2,'ಮಾರಾಟ'!G:G,"ಹೊಸ")
=COUNTUNIQUEIFS('ಮಾರಾಟ'!B:B,'ಮಾರಾಟ'!F:F,A2,'ಮಾರಾಟ'!G:G,"ಹಳೆ")
```

ಶುರುವಿನಲ್ಲೇ ಒಂದು ಮೋಸ ಕಾದಿರುತ್ತದೆ. ಹಾಳೆ ಹುಟ್ಟಿದ ದಿನ ಅದಕ್ಕೆ ಎಲ್ಲರೂ ಹೊಸಬರೇ. ಐದು ವರ್ಷದಿಂದ ಕೊಳ್ಳುತ್ತಿರುವವರೂ ಮೊದಲ ಸಲ "ಹೊಸ" ಎಂದೇ ಬೀಳುತ್ತಾರೆ. ಎರಡನೇ ತಿಂಗಳು ಹಳಬರ ಸಂಖ್ಯೆ ದಿಢೀರ್ ಏರಿದಂತೆ ಕಂಡು ಹಿಗ್ಗುತ್ತೇವೆ, ಏರಿದ್ದು ಹಾಳೆಯ ವಯಸ್ಸು ಮಾತ್ರ. ಪರಿಹಾರ ಒಂದು ಸಂಜೆಯ ಕೆಲಸ. ಹಳೆಯ ನೋಟ್‌ಬುಕ್ಕು, ವಾಟ್ಸಾಪ್ ನೋಡಿ ಇದುವರೆಗಿನ ಗಿರಾಕಿಗಳ ನಂಬರುಗಳನ್ನು ಮಾರಾಟದ ಹಾಳೆಯ ತಲೆಯಲ್ಲಿ ಬರೆಯಿರಿ. ತಾರೀಖು 31-12-2024, ಮೊತ್ತ ಸೊನ್ನೆ. ಮಾರಾಟ ಹೆಚ್ಚುವುದಿಲ್ಲ, ಹಳಬರು ಹಳಬರಾಗಿ ಉಳಿಯುತ್ತಾರೆ.

ಶೇಕಡಾವಾರು ಹೇಳುವ ಸುಳ್ಳು

ಅಕ್ಕನ ನಾಲ್ಕು ವಾರದಲ್ಲಿ ಬಂದ ಹಳಬರು 11, 11, 12, 13. ಹೊಸಬರು 9, 7, 4, 17. ಇದನ್ನು ಶೇಕಡಾಕ್ಕೆ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಒಟ್ಟು ಗಿರಾಕಿಗಳಲ್ಲಿ ಹಳಬರು ಶೇ. 55, 61, 75, ಆಮೇಲೆ ಒಮ್ಮೆಗೇ 43. ಮೂರನೇ ವಾರ ಅತ್ಯುತ್ತಮ, ಯುಗಾದಿ ವಾರ ಅತಿ ಕೆಟ್ಟದ್ದು ಎಂದಂತಾಯಿತು. ನಡೆದದ್ದು ತಿರುವುಮುರುವು. ಮೂರನೇ ವಾರ ಶೇ. 75 ಆದದ್ದು ಹಳಬರು ಹೆಚ್ಚಿದ್ದಕ್ಕಲ್ಲ, ಹೊಸಬರು ಒಂಬತ್ತರಿಂದ ನಾಲ್ಕಕ್ಕೆ ಕುಸಿದದ್ದಕ್ಕೆ. ಯುಗಾದಿ ವಾರದಲ್ಲಿ ಹಳಬರು ಎಲ್ಲ ವಾರಕ್ಕಿಂತ ಹೆಚ್ಚು ಬಂದಿದ್ದರು, ಹೊಸಬರ ನೂಕುನುಗ್ಗಲಿನಲ್ಲಿ ಅವರ ಪಾಲು ಸಣ್ಣದಾಗಿ ಕಂಡಿತಷ್ಟೆ. ವಾರಕ್ಕೆ ಇಪ್ಪತ್ತು ಮೂವತ್ತು ಗಿರಾಕಿ ಇರುವಲ್ಲಿ ತಲೆ ಎಣಿಕೆಯೇ ಸರಿ. ಫಲಕದಲ್ಲಿ ಎರಡು ಸಂಖ್ಯೆಗಳು ಅಕ್ಕಪಕ್ಕ ಇರಲಿ, ಶೇಕಡಾ ಬೇಡ.

ಮುಖ್ಯ ಪ್ರಶ್ನೆ ಉಳಿದೇ ಇದೆ: ಹಬ್ಬಕ್ಕೆ ಬಂದ ಆ ಹದಿನೇಳು ಜನ ಮರಳಿದರೇ? ಇದು ಮುಂದಿನ ವಾರದ ಫಲಕದಲ್ಲಿ ಕಾಣುವುದಿಲ್ಲ. ಕಾಲು ಕಿಲೋ ಚಟ್ನಿಪುಡಿ ಒಂದು ಮನೆಯಲ್ಲಿ ಸುಮಾರು ತಿಂಗಳು ಬರುತ್ತದೆ, ಎರಡು ಬಗೆ ಕೊಂಡವರಿಗೆ ಇನ್ನೂ ಹೆಚ್ಚು. ಡಬ್ಬಿ ಖಾಲಿಯಾಗದೆ ಯಾರೂ ಬರುವುದಿಲ್ಲ. ಆದ್ದರಿಂದ ಎಂಟು ವಾರ ಕಾಯಬೇಕು. ಅದಕ್ಕೆ ಗಿರಾಕಿ ಎಂಬ ನಾಲ್ಕನೇ ಹಾಳೆ ಮಾಡಿ. A2ರಲ್ಲಿ ಎಲ್ಲರ ನಂಬರು ಒಂದೊಂದು ಸಲ, B2ರಲ್ಲಿ ಮೊದಲು ಬಂದ ದಿನ, C2ರಲ್ಲಿ ಕೊನೆಗೆ ಬಂದ ದಿನ:

```
=UNIQUE(FILTER('ಮಾರಾಟ'!B2:B,'ಮಾರಾಟ'!B2:B<>""))
=MINIFS('ಮಾರಾಟ'!A:A,'ಮಾರಾಟ'!B:B,A2)
=MAXIFS('ಮಾರಾಟ'!A:A,'ಮಾರಾಟ'!B:B,A2)
```

ಮೊದಲನೆಯದು ತಾನೇ ಕೆಳಗಿನವರೆಗೆ ಹರಡಿಕೊಳ್ಳುತ್ತದೆ, ಉಳಿದೆರಡನ್ನು ಎಳೆಯಬೇಕು. D2ರಲ್ಲಿ `=TODAY()-C2` ಎಂದರೆ ಅವರು ಬಂದು ಎಷ್ಟು ದಿನವಾಯಿತು ಎಂದು ತಿಳಿಯುತ್ತದೆ. 45 ದಾಟಿದವರು ಒಂದು ವಾಟ್ಸಾಪ್ ಸಂದೇಶ ಕಳಿಸಬೇಕಾದವರ ಪಟ್ಟಿ. ಇದರಲ್ಲಿ ಜನರ ಫೋನ್ ನಂಬರುಗಳಿವೆಯಾದ್ದರಿಂದ ಫೈಲಿನ ಲಿಂಕನ್ನು ಯಾರಿಗೂ ಹಂಚಬೇಡಿ. ಚಾರ್ಟ್ ತೋರಿಸಬೇಕೆಂದರೆ ಸ್ಕ್ರೀನ್‌ಶಾಟ್ ಸಾಕು.

ಮನೆಯ ದುಡ್ಡು, ಅಂಗಡಿಯ ದುಡ್ಡು

ವಾರದ ಕೊನೆಗೆ ಒಂದು ಹೊಂದಾಣಿಕೆ ಬಾಕಿ. ಹಾಳೆಯಲ್ಲಿ ಆ ವಾರ ಯುಪಿಐ ಎಂದು ಬರೆದ ಸಾಲುಗಳ ಮೊತ್ತವನ್ನೂ ಫೋನಿನಲ್ಲಿ ಜಮೆಯಾದದ್ದನ್ನೂ ತಾಳೆ ನೋಡಿ. ಫೋನಿನಲ್ಲಿ ಹೆಚ್ಚಿದ್ದರೆ ಯಾವುದೋ ಆರ್ಡರ್ ಬರೆಯಲು ಮರೆತಿದೆ, ಇಲ್ಲವೇ ತಮ್ಮ ಕಳಿಸಿದ ಕೈಗಡ ಅದರಲ್ಲಿ ಸೇರಿದೆ. ವ್ಯಾಪಾರಕ್ಕೆ ಬೇರೆ ಖಾತೆ ಇಟ್ಟರೆ ಈ ಗೋಜಲು ಅರ್ಧ ಕಡಿಮೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಜಮೆಯಾದದ್ದೆಲ್ಲ ಮಾರಾಟವಲ್ಲ, ಮನೆಯವರ ಹಣವೂ ಸಾಲವೂ ಅದರಲ್ಲಿತ್ತು ಎಂದು ಹಲವರು ಹೇಳಬೇಕಾಗಿ ಬಂತು. ಈ ಫಲಕ ತೆರಿಗೆ ಲೆಕ್ಕವಲ್ಲ, ಆದರೆ ಯಾವ ಜಮೆ ಯಾವುದರದು ಎಂದು ಸಾಲು ಸಾಲಾಗಿ ತೋರಿಸಬಲ್ಲದು. ಹಾಗೆಯೇ ಗಲ್ಲೆಯಿಂದ ಮನೆಗೆ ಹಾಲು, ಮಕ್ಕಳ ಫೀಸು ಎಂದು ತೆಗೆದದ್ದು ವ್ಯಾಪಾರದ ಖರ್ಚಲ್ಲ. ಅದು ಉಳಿಕೆಯಿಂದ ನೀವು ತೆಗೆದುಕೊಂಡ ಸಂಬಳ. ಖರ್ಚಿನ ಹಾಳೆಗೆ ಅದು ಹೋಗಬಾರದು.

ಸಂಬಳದ ಮಾತು ಬಂದದ್ದರಿಂದ ಫಲಕಕ್ಕೆ ಕೈಯಿಂದ ಬರೆಯುವ ಒಂದೇ ಒಂದು ಕಾಲಂ ಸೇರಿಸಬಹುದು: ಆ ವಾರ ದುಡಿದ ಗಂಟೆ. ಅಕ್ಕ ವಾರಕ್ಕೆ 30 ಗಂಟೆ ದುಡಿದರೆ ನಾಲ್ಕು ವಾರದ 10,700 ರೂಪಾಯಿ ಗಂಟೆಗೆ ಸುಮಾರು 89 ರೂಪಾಯಿ ಕೂಲಿ. ಮೂರನೇ ವಾರ ಅದು 61ಕ್ಕೆ ಇಳಿದಿತ್ತು.

ಮೇ 25ಕ್ಕೆ ಎಂಟು ವಾರ ತುಂಬಿದವು. ಗಿರಾಕಿ ಹಾಳೆಯ ಖಾಲಿ ಜಾಗದಲ್ಲಿ ಒಂದು ಸಾಲು:

```
=COUNTIFS(B:B,">="&DATE(2025,3,24),B:B,"<="&DATE(2025,3,30),C:C,">"&DATE(2025,3,30))
```

ಉತ್ತರ 5. ಹಬ್ಬದ ಹದಿನೇಳರಲ್ಲಿ ಐವರು ಮರಳಿ ಬಂದಿದ್ದಾರೆ. ಯಾರೆಂದು ನೋಡಿದರೆ ನಾಲ್ವರು ಗುರೆಳ್ಳು ಚಟ್ನಿ ಕೊಂಡವರು. ಮುಂದಿನ ಹಬ್ಬಕ್ಕೆ ಪ್ರತಿ ಹೊಸ ಪಾರ್ಸೆಲ್ಲಿನಲ್ಲೂ ಗುರೆಳ್ಳು ಚಟ್ನಿಯ ಒಂದು ಚಿಕ್ಕ ಪೊಟ್ಟಣ ಇಟ್ಟು ನೋಡುವುದೆಂದು ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. ಐವರ ಮೇಲೆ ಅಷ್ಟು ದೊಡ್ಡ ತೀರ್ಮಾನ ನಿಲ್ಲದು, ಅದಕ್ಕೇ ಈ ಸಲ ಹತ್ತೇ ಪೊಟ್ಟಣ.